ಹಾಫ್ ಕಟ್ ಅಂದ್ರೆ ಟಾಪ್‌ಕಾನ್ ಅಲ್ಲ: ಸೋಲಾರ್ ಪ್ಯಾನೆಲ್ ಮೇಲೇರುವ ಮೊದಲು ಲೇಬಲ್ ನೋಡಿ

ಉಡುಪಿ, ಮಂಗಳೂರು ಕಡೆ ಈಗ ಮನೆ ಮೇಲೆ ಸೋಲಾರ್ ಹಾಕಿಸುವವರು ಜಾಸ್ತಿ. ಅವರು ಇದನ್ನು ಓದಲೇಬೇಕು. ಕಾಪು ಹತ್ತಿರದ ನಮ್ಮ ಮನೆಗೆ ಟಾಪ್‌ಕಾನ್ ಅನ್ನುವ ಹೊಸ ಬಗೆಯ ಪ್ಯಾನೆಲ್ ಅಂತ ಬೆಲೆ ಹೇಳಿ, ಪರ್ಕ್ ಅನ್ನುವ ಹಳೆ ಬಗೆಯ ಪ್ಯಾನೆಲ್ ತಂದಿಳಿಸಿದ್ದರು.

ಕೊಟೇಶನ್‌ನಲ್ಲಿ ಇದ್ದದ್ದು "575 ವ್ಯಾಟ್ ಟಾಪ್‌ಕಾನ್, 6 ಪ್ಯಾನೆಲ್" ಅಂತ. ಬಂದ ಪ್ಯಾನೆಲ್‌ಗಳ ಹಿಂದಿನ ಲೇಬಲ್‌ನಲ್ಲಿ Pmax, ಅಂದರೆ ಗರಿಷ್ಠ ವ್ಯಾಟ್, ಎದುರು 540 W ಅಂತಿತ್ತು. ಕೇಳಿದ್ದಕ್ಕೆ ಬಂದ ಉತ್ತರ: "ಅದು ಹಾಫ್ ಕಟ್ ಮಾರಾಯ್ರೆ, ಟಾಪ್‌ಕಾನೂ ಅದೂ ಎಲ್ಲ ಒಂದೇ. ಹೊಸ ಟೆಕ್ನಾಲಜಿ." ಒಂದೇ ಅಲ್ಲ. ಈ ಗೊಂದಲದ ಮೇಲೆಯೇ ಮೋಸ ನಡೆಯುವುದು.

ಹಾಫ್ ಕಟ್ ಅಂದ್ರೆ ಪ್ಯಾನೆಲ್ ಒಳಗೆ ಬಿಸಿಲನ್ನು ವಿದ್ಯುತ್ ಮಾಡುವ ಸೆಲ್ಲನ್ನು ಎರಡು ತುಂಡು ಮಾಡಿ ಜೋಡಿಸುವ ರೀತಿ, ಅಷ್ಟೇ. ಸೆಲ್ ಅರ್ಧವಾದರೆ ಅದರಲ್ಲಿ ಹರಿಯುವ ಕರೆಂಟೂ ಅರ್ಧ. ಹಾಗಾಗಿ ತಂತಿಯಲ್ಲಿ ಬಿಸಿಯಾಗಿ ಹಾಳಾಗುವ ವಿದ್ಯುತ್ ಕಡಿಮೆ. ಸೆಲ್ ಯಾವುದರಿಂದ ಮಾಡಿದ್ದು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪರ್ಕ್ ಹಾಫ್ ಕಟ್ ಇದೆ, ಟಾಪ್‌ಕಾನ್ ಹಾಫ್ ಕಟ್ ಇದೆ. ಈಗ ಮಾರುಕಟ್ಟೆಗೆ ಬರುವ ದೊಡ್ಡ ಪ್ಯಾನೆಲ್ ಹೆಚ್ಚುಕಮ್ಮಿ ಎಲ್ಲವೂ ಹಾಫ್ ಕಟ್. ಅದಕ್ಕೆಂದು ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ಸೆಲ್ ಒಳಗಿನ ವಿಷಯ ಪರ್ಕ್ ಮತ್ತು ಟಾಪ್‌ಕಾನ್. ಪರ್ಕ್‌ನಲ್ಲಿ ಸೆಲ್ಲಿನ ಹಿಂಬದಿಗೆ ಒಂದು ತೆಳು ಪದರ ಇರುತ್ತದೆ. ದಾಟಿ ಹೋಗುವ ಬೆಳಕನ್ನು ಅದು ಹಿಂದಕ್ಕೆ ಕಳಿಸುತ್ತದೆ, ಹಿಂಬದಿಯಲ್ಲಿ ವಿದ್ಯುತ್ ಸೋರುವುದನ್ನೂ ತಗ್ಗಿಸುತ್ತದೆ. ಟಾಪ್‌ಕಾನ್ ಎನ್-ಟೈಪ್ ಅನ್ನುವ ಬಗೆಯ ಸಿಲಿಕಾನ್‌ನಿಂದ ಮಾಡಿದ್ದು. ಅದರ ಹಿಂಬದಿಯಲ್ಲಿ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್, ಅದರ ಮೇಲೆ ಇನ್ನೊಂದು ಸಿಲಿಕಾನ್ ಪದರ. ಲೋಹ ನೇರವಾಗಿ ಸೆಲ್ಲಿಗೆ ತಾಗುವುದಿಲ್ಲ, ಹಾಗಾಗಿ ಅಲ್ಲಿ ಸೋರಿಕೆ ಇನ್ನೂ ಕಡಿಮೆ.

ಕೊಳ್ಳುವವರಿಗೆ ಇದರಿಂದ ಏನು ಬದಲಾಗುತ್ತದೆ? ನಮ್ಮ ಪ್ಯಾನೆಲ್ ಅಳತೆ 2278 × 1134 ಮಿಲಿಮೀಟರ್, ಅಂದರೆ ಸುಮಾರು 2.58 ಚದರ ಮೀಟರ್. 540ನ್ನು ಅದರಿಂದ ಭಾಗಿಸಿದರೆ ಚದರ ಮೀಟರ್‌ಗೆ 209 ವ್ಯಾಟ್. ಲೇಬಲ್‌ನ ವ್ಯಾಟ್ ಅಳೆಯುವುದು ಚದರ ಮೀಟರ್‌ಗೆ 1000 ವ್ಯಾಟ್ ಬಿಸಿಲಿನಲ್ಲಿ, ಹಾಗಾಗಿ ದಕ್ಷತೆ ಸುಮಾರು 20.9%. 575 ಆಗಿದ್ದರೆ 22.3%. ಈ ಅಳತೆಯಲ್ಲಿ ಪರ್ಕ್ ಸಾಮಾನ್ಯವಾಗಿ 550ರ ಆಸುಪಾಸಿಗೆ ನಿಲ್ಲುತ್ತದೆ, ಟಾಪ್‌ಕಾನ್ 570ರ ಮೇಲೆ ಸಿಗುತ್ತದೆ. ಟೇಪ್ ಹಿಡಿದು ಅಳೆದು, ಲೇಬಲ್ ಓದಿ, ಫೋನಿನಲ್ಲಿ ಭಾಗಿಸಿದರೆ ಸಾಕು, ಸುಳ್ಳು ಸಿಕ್ಕಿಬೀಳುತ್ತದೆ. 6 ಪ್ಯಾನೆಲ್‌ಗೆ ನಮಗೆ ಕಡಿಮೆಯಾಗುತ್ತಿದ್ದದ್ದು 210 ವ್ಯಾಟ್.

ಇನ್ನು ಸೆಕೆ. ನಮ್ಮ ಬೇಸಿಗೆಯ ಮಧ್ಯಾಹ್ನ ಶೀಟಿನ ಮೇಲೆ ಕೂತ ಪ್ಯಾನೆಲ್ 65 ಡಿಗ್ರಿ ಮುಟ್ಟಿತು ಅಂದುಕೊಳ್ಳಿ. ಲೇಬಲ್‌ನ ವ್ಯಾಟ್ ಅಳೆಯುವುದು 25 ಡಿಗ್ರಿಯಲ್ಲಿ. ಪರ್ಕ್ ಪ್ರತಿ ಡಿಗ್ರಿಗೆ ಸುಮಾರು 0.35% ಇಳಿಯುತ್ತದೆ, ಅಂದರೆ 14% ಹೋಯಿತು. ಟಾಪ್‌ಕಾನ್ ಸುಮಾರು 0.30%, ಅಂದರೆ 12%. ವ್ಯತ್ಯಾಸ ಇದೆ, ಆದರೆ ಮಾರುವವರು ಹೇಳುವಷ್ಟು ದೊಡ್ಡದಲ್ಲ. ವಾರಂಟಿ ಮಾತ್ರ ಸರಿಯಾಗಿ ನೋಡಿ. ಪರ್ಕ್‌ಗೆ ಸಾಮಾನ್ಯವಾಗಿ ವ್ಯಾಟ್‌ನಲ್ಲಿ ಮೊದಲ ವರ್ಷ 2%, ನಂತರ ವರ್ಷಕ್ಕೆ 0.55% ಇಳಿಕೆ. ಟಾಪ್‌ಕಾನ್‌ಗೆ 1% ಮತ್ತು 0.4%. 25 ವರ್ಷದ ಕೊನೆಗೆ ಒಂದು ಸುಮಾರು 85%ಕ್ಕೆ, ಇನ್ನೊಂದು 89%ಕ್ಕೆ ಬಂದು ನಿಲ್ಲುತ್ತದೆ.

ಪರ್ಕ್ ಕೆಟ್ಟ ಪ್ಯಾನೆಲ್ ಅಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಜಾಗ ಧಾರಾಳ ಇದ್ದು, ಬೆಲೆ ನಿಜವಾಗಿ ಕಡಿಮೆ ಇದ್ದರೆ ಧೈರ್ಯವಾಗಿ ತಗೊಳ್ಳಿ. ಟಾಪ್‌ಕಾನ್ ದುಡ್ಡು ಕೊಟ್ಟು ಪರ್ಕ್ ತಗೊಳ್ಳಬೇಡಿ, ಅಷ್ಟೇ. ಟಾಪ್‌ಕಾನ್ ತಗೊಳ್ಳುವುದಾದರೆ ಎರಡೂ ಬದಿ ಗಾಜು ಇರುವುದನ್ನೇ ಕೇಳಿ. ಒಳಗೆ ತೇವ ಹೋದರೆ ಟಾಪ್‌ಕಾನ್ ಸೆಲ್ಲಿನ ಲೋಹದ ಗೆರೆಗಳು ಕೆಡುವ ಅಪಾಯ ಇದೆ, ನಮ್ಮದು ಹೇಳಿ ಕೇಳಿ ಮಳೆ ಮತ್ತು ಉಪ್ಪುಗಾಳಿಯ ಊರು.

"ತೆಂಗಿನ ನೆರಳು ಬಿದ್ದರೂ ಹಾಫ್ ಕಟ್‌ಗೆ ಎಂತ ಆಗುವುದಿಲ್ಲ" ಅಂತಲೂ ಹೇಳಿದ್ದರು. ಅದು ಅರ್ಧ ಸತ್ಯ. ಹಾಫ್ ಕಟ್ ಪ್ಯಾನೆಲ್‌ನ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಕೆಲಸ ಮಾಡುತ್ತವೆ. ಉದ್ದಕ್ಕೆ ನಿಲ್ಲಿಸಿದ ಪ್ಯಾನೆಲ್‌ನ ಕೆಳಭಾಗಕ್ಕೆ ನೆರಳು ಬಿದ್ದರೆ ಮೇಲಿನ ಅರ್ಧ ಉಳಿಯುತ್ತದೆ. ಆದರೆ ಮನೆಗಳಲ್ಲಿ ಆರು ಪ್ಯಾನೆಲ್ ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ನೆರಳಿರುವ ಒಂದೇ ಪ್ಯಾನೆಲ್ ಅರ್ಧ ಕರೆಂಟ್ ಕೊಟ್ಟರೆ ಉಳಿದ ಐದರ ಪೂರ್ತಿ ಕರೆಂಟ್ ಅದರಲ್ಲಿ ಹರಿಯುವುದಿಲ್ಲ. ಆಗ ಸಾಮಾನ್ಯವಾಗಿ ಉಳಿದ ಐದರ ಕರೆಂಟ್ ಪ್ಯಾನೆಲ್ ಒಳಗಿನ ಬೈಪಾಸ್ ಡಯೋಡ್ ಮೂಲಕ ಆ ಪ್ಯಾನೆಲ್ಲನ್ನು ದಾಟಿ ಮುಂದೆ ಹೋಗುತ್ತದೆ, ಉಳಿದ ಅರ್ಧದ ವಿದ್ಯುತ್ತೂ ಸಿಗುವುದಿಲ್ಲ. ನೆರಳಿನ ಜಾಗಕ್ಕೆ ಪ್ಯಾನೆಲ್ ಹಾಕಿಸಲೇಬೇಡಿ.

ಶೀಟಿಗೆ ಒತ್ತಿ ಕೂರಿಸಿದ ಮೇಲೆ ಲೇಬಲ್ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಪ್ಯಾನೆಲ್ ಅಂಗಳದಲ್ಲಿ ಇರುವಾಗಲೇ ಒಂದೊಂದರ ಲೇಬಲ್, ಸೀರಿಯಲ್ ನಂಬರ್ ಫೋಟೋ ತೆಗೆಯಿರಿ. ಕೊಟೇಶನ್‌ನಲ್ಲಿ ಕಂಪನಿ, ಮಾಡೆಲ್ ನಂಬರ್, ವ್ಯಾಟ್, ಎನ್-ಟೈಪ್ ಅನ್ನುವುದನ್ನು ಬರೆಸಿಕೊಳ್ಳಿ. ಕೇಂದ್ರ ಸರಕಾರದ ಸೂರ್ಯಘರ್ ಸಬ್ಸಿಡಿ ಬೇಕಿದ್ದರೆ ಸೆಲ್ಲೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾದದ್ದಾಗಿರಬೇಕು, ಅದನ್ನೂ ಸೇರಿಸಿ. ನಮ್ಮಲ್ಲಿ ಕೊನೆಯ ಕಂತು ಬಾಕಿ ಇತ್ತು. ಲೇಬಲ್ ಫೋಟೋ, ಕೊಟೇಶನ್ ಎರಡೂ ಎದುರಿಗೆ ಇಟ್ಟು "ಇದು ಬದಲಾಗದೆ ದುಡ್ಡಿಲ್ಲ" ಅಂದಾಗ ಆರೂ ಪ್ಯಾನೆಲ್ ವಾಪಸ್ ಲಾರಿ ಹತ್ತಿದವು.