ರಾತ್ರಿ ಎರಡರವರೆಗಾ, ಬೆಳಗಿನ ಐದಕ್ಕಾ?

ಎಲ್‌ಎಲ್‌ಬಿ ಪರೀಕ್ಷೆಗೆ ವಾರವಿದ್ದಾಗ ತುಮಕೂರಿನ ರೂಮುಗಳಲ್ಲಿ ಈ ಚರ್ಚೆ ಇದ್ದದ್ದೇ. ರಾತ್ರಿ ಎರಡರವರೆಗೆ ಓದುವುದಾ, ಹತ್ತೂವರೆಗೆ ಮಲಗಿ ಐದಕ್ಕೆ ಏಳುವುದಾ?

ರಾತ್ರಿ ಗಲಾಟೆ ಇರುವುದಿಲ್ಲ, ನಿಜ. ಆದರೆ ಗುಬ್ಬಿಯಿಂದ ಬಸ್ಸಿನಲ್ಲಿ ಬರುವವರು ಆರಕ್ಕೆ ಏಳಲೇಬೇಕು ಅಲ್ವಾ? ನಾಲ್ಕೇ ಗಂಟೆ ನಿದ್ದೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಕಾಂಟ್ರಾಕ್ಟ್ ಪೇಪರ್ ತಗೊಳ್ಳಿ. ಅಪ್ರಾಪ್ತನ ಒಪ್ಪಂದ ಎಂದರೆ ಮೊಹೋರಿ ಬೀಬಿ ಕೇಸು, 1903 ಎಂದು ಬಾಯಿಪಾಠ ಬರುತ್ತದೆ. ಹುಡುಗನಿಗೆ ಅಂಗಡಿಯವನು ಅಕ್ಕಿ ಕೊಟ್ಟ ಎಂದು ಪ್ರಶ್ನೆ ತಿರುಗಿದರೆ, ಒಪ್ಪಂದಕ್ಕೆ ಯಾರು ಅರ್ಹರು ಎನ್ನುವ ಸೆಕ್ಷನ್ 11ರ ಜೊತೆ, ಅಂಥವರಿಗೆ ಕೊಟ್ಟ ಅಗತ್ಯ ವಸ್ತುಗಳ ಬಗೆಗಿನ 68 ಕೂಡ ಹೊಳೆಯಬೇಕು. ನಿದ್ದೆಗೆಟ್ಟವರು ಎಡವುವುದು ಅಲ್ಲೇ.

ಐದರ ದಾರಿಯಲ್ಲೂ ತೊಡಕಿದೆ. ಎರಡಕ್ಕೆ ಮಲಗುತ್ತಿದ್ದವರು ಒಮ್ಮೆಲೇ ಹತ್ತೂವರೆಗೆ ಮಲಗಿದರೆ ಸುಮ್ನೆ ಹೊರಳಾಡುತ್ತಾರೆ, ಭಯ ಜಾಸ್ತಿಯಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಬೇಗ ಏಳುತ್ತಾ ಬನ್ನಿ, ನಿದ್ದೆಯೂ ಬೇಗ ಬರತೊಡಗುತ್ತದೆ. ಮಧ್ಯಾಹ್ನ ಮೂರರ ನಂತರ ಕಾಫಿ ಬೇಡ. ಐದಾರು ಗಂಟೆ ಕಳೆದರೂ ಕೆಫೀನ್ ಅರ್ಧದಷ್ಟು ದೇಹದಲ್ಲೇ ಇರುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು, ಕಾಡುವ ಟಾಪಿಕ್ಕಿನ ಹೆಸರು ಬರೆದಿಟ್ಟು, ಕಣ್ಣು ಎಳೆದಾಗ ಮಲಗಿ.

ಪೇಪರ್ ಬೆಳಗ್ಗೆ ಇದ್ದರೆ ನನ್ನ ಓಟು ಐದಕ್ಕೆ. ಮಧ್ಯಾಹ್ನವಿದ್ದು, ರೂಮೂ ಊರಲ್ಲೇ ಇದ್ದರೆ ಹನ್ನೆರಡಕ್ಕೆ ಮಲಗಿ ಏಳಕ್ಕೆ ಎದ್ದರೂ ನಡೆಯುತ್ತದೆ.