ಆನ್‌ಲೈನ್ ಕೌನ್ಸೆಲಿಂಗ್: ಎರಡು ಸೈಟ್ ಬಾಜೂ ಬಾಜೂಕ್ಕಿಟ್ಟು ನೋಡಿದ್ರ

ವಿಜಯಪುರದಾಗಿರೋ ನಮ್ಮ ಕಾಕಾನ ಮಗಳು ರಾತ್ರಿ ನಿದ್ದಿ ಬರವಲ್ದು ಅಂತ ಎರಡು ಕೌನ್ಸೆಲಿಂಗ್ ಸೈಟ್ ಲಿಂಕ್ ಕಳಿಸಿ, ಯಾವ್ದು ಛಲೋ ಅಣ್ಣಾ ಅಂದ್ಳು.

ಒಂದನೇದ್ರಾಗ ಕೌನ್ಸೆಲರ್ ಹೆಸರಿನ ಕೆಳಗ ಬರೇ ‘ಸರ್ಟಿಫೈಡ್ ಎಕ್ಸ್‌ಪರ್ಟ್’, ಯಾರು ಸರ್ಟಿಫೈ ಮಾಡ್ಯಾರೋ ದೇವ್ರಿಗೇ ಗೊತ್ತು. ಎರಡನೇದ್ರಾಗ ಡಿಗ್ರಿ, ಕಲ್ತ ಯೂನಿವರ್ಸಿಟಿ ಎಲ್ಲಾ ಐತಿ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕ್ಕೊಂಡವ್ರ ಮುಂದ ಆರ್‌ಸಿಐ ಅನ್ನೋ ಕೇಂದ್ರ ಸರ್ಕಾರದ ಪುನರ್ವಸತಿ ಮಂಡಳಿ ಕೊಡೋ ನೋಂದಣಿ ನಂಬರ್ ಸೈತ ಐತಿ, ಅದನ್ನ ಆರ್‌ಸಿಐ ವೆಬ್‌ಸೈಟ್‌ನಾಗ ಹಾಕಿದ್ರ ಅದೇ ಹೆಸರು ಬರಬೇಕು ನೋಡ್ರಿ. ಎಲ್ಲಾ ಕೌನ್ಸೆಲರ್‌ಗೂ ಈ ನಂಬರ್ ಇರಂಗಿಲ್ಲ, ಅದೇನ್ ತಪ್ಪಲ್ಲ, ಆದ್ರ ‘ಕ್ಲಿನಿಕಲ್’ ಅಂದ್ಮ್ಯಾಲ ಇರಾಕಬೇಕು.

ಪ್ರೈವಸಿಗೆ ಬಂದ್ರ ಒಂದನೇದು ಪುಕ್ಕಟೆ ‘ಟೆನ್ಷನ್ ಟೆಸ್ಟ್’ ಮಾಡಿಸಿ ರಿಸಲ್ಟ್ ತೋರ್ಸೋಕ್ಕಿಂತ ಮೊದ್ಲ ಫೋನ್ ನಂಬರ್ ಕೇಳ್ತದ, ಪಾಲಿಸಿಯೊಳಗ ಸಣ್ಣ ಅಕ್ಷರದಾಗ ‘ಪಾರ್ಟ್ನರ್‌ಗಳ ಜೋಡಿ ಹಂಚ್ಕೋತೀವಿ’ ಅಂತ ಬರದೈತಿ. ಎರಡನೇದು ಸೆಷನ್ ರೆಕಾರ್ಡ್ ಮಾಡಂಗಿಲ್ಲ, ನೋಟ್ಸ್ ಕೌನ್ಸೆಲರ್ ಒಬ್ರೇ ನೋಡ್ತಾರ, ಜೀವಕ್ಕ ಅಪಾಯ ಅನ್ನಿಸಿದ್ರ ಮಾತ್ರ ಮನಿಯವ್ರಿಗೆ ತಿಳಿಸ್ತೀವಿ ಅಂತೈತಿ. ಇದನ್ನೋದಿ ತಂಗಿ ಗಾಬರಿ ಆದ್ಳು, ಆದ್ರ ನನಗ ‘ನೂರಕ್ಕ ನೂರು ಗುಟ್ಟು’ ಅನ್ನೋ ಒಂದನೇದ್ರ ಮ್ಯಾಲೇ ಡೌಟು, ಯಾಕಂದ್ರ ಅಂಥಾ ಮಾತು ಜವಾಬ್ದಾರಿ ಇರೋ ಕೌನ್ಸೆಲರ್ ಕೊಡಂಗಿಲ್ಲ.

ಎಮರ್ಜೆನ್ಸಿ ಬಗ್ಗೆ ಒಂದನೇದ್ರಾಗ ‘24 ತಾಸಿನ್ಯಾಗ ರಿಪ್ಲೈ’ ಅಷ್ಟೇ. ಎರಡನೇದ್ರಾಗ ಮೊದಲ್ನೇ ಪೇಜಿನ್ಯಾಗ, ತುರ್ತಿದ್ರ ನಮ್ಮ ಸಲುವಾಗಿ ಕಾಯಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇಲ್ಲಾ 112ಕ್ಕ ಫೋನ್ ಹಚ್ರಿ ಅಂತೈತಿ, ಬುಕಿಂಗ್ ಮಾಡೋ ಮುಂದ ನೀವಿರೋ ವಿಳಾಸ, ಹತ್ತಿರದವ್ರ ನಂಬರೂ ತಗೋತಾರ. ಕೌನ್ಸೆಲರ್ ಬೆಂಗಳೂರಾಗ ಕುಂತಿರ್ತಾರ, ವಿಳಾಸ ಇಲ್ಲಂದ್ರ ಯಾರನ್ನ ಎಲ್ಲಿಗೆ ಕಳಸ್ತಾರ?

ತಂಗಿಗೆ ಎರಡನೇದ ಹೇಳೀನಿ. ಕನ್ನಡ ಬರೋ ಕೌನ್ಸೆಲರ್ ಅದ್ರಾಗ ಕಮ್ಮಿ, ಸ್ಲಾಟ್ ಸಿಗಾಕ ಸ್ವಲ್ಪ ತಡ ಆಗ್ತದ.