ಊರಿನ ಇನ್‌ಫ್ಲುಯೆನ್ಸರ್‌ಗೆ ಸೀರೆ ಕಳಿಸುವ ಮೊದಲು ಇದನ್ನು ಓದಿ

ಕೈಮಗ್ಗದ ಸೀರೆ ಮಾರುವ ಸಣ್ಣ ಬ್ರ್ಯಾಂಡ್‌ಗಳಿಗೆ ಈ ಬರಹ. ನಾವು ಹುಬ್ಬಳ್ಳಿಯಿಂದ ಇಳಕಲ್ ಸೀರೆ ಮಾರುತ್ತೇವೆ. ನೇಕಾರರು ಇಳಕಲ್ ಕಡೆಯವರು, ಗಿರಾಕಿಗಳು ಹೆಚ್ಚಾಗಿ ಇನ್‌ಸ್ಟಾಗ್ರಾಂನಿಂದ ಬರುವವರು. ಶ್ರಾವಣದ ಮಾರಾಟಕ್ಕೆಂದು ನಮ್ಮ ಭಾಗದ ಒಬ್ಬ ಇನ್‌ಫ್ಲುಯೆನ್ಸರ್ ಹತ್ತಿರ ರೀಲ್ ಮಾಡಿಸಿದೆವು. ದುಡ್ಡೂ ಹೋಯಿತು, ಗಿರಾಕಿಗಳ ಹತ್ತಿರ ಮಾತೂ ಕೇಳಬೇಕಾಯಿತು. ಹೆಸರು ಹೇಳುವುದಿಲ್ಲ. ಹೇಳಿದರೆ ಎಲ್ಲರೂ ಅವರ ಪೇಜ್ ಹುಡುಕಲು ಹೋಗುತ್ತಾರೆ, ವಿಷಯ ಅಲ್ಲೇ ಉಳಿಯುತ್ತೆ.

ಮಾತಾಗಿದ್ದು ಇಷ್ಟು. ಒಂದು ರೀಲ್, ಮೂರು ಸ್ಟೋರಿ, ಮೂವತ್ತು ಸಾವಿರ ರೂಪಾಯಿ. ಉಡಲು ಮೂರು ಸೀರೆ. ಅವರು ಪೂರ್ತಿ ದುಡ್ಡು ಮೊದಲೇ ಕೇಳಿದರು. ಕೊನೆಗೆ ಅರ್ಧ ಮುಂಗಡ, ರೀಲ್ ಹಾಕಿದ ದಿನ ಇನ್ನರ್ಧ ಅಂತ ಆಯಿತು. ಬ್ರೀಫ್ ಅಂತ ಹೋಗಿದ್ದು ವಾಟ್ಸಾಪ್‌ನಲ್ಲಿ ಒಂದು ಮೆಸೇಜ್: "ಶ್ರಾವಣದ ಹೊಸ ಸೀರೆಗಳು, ಕೈಮಗ್ಗ ಅಂತ ಹೇಳಿ, ನಮ್ಮ ಪೇಜ್ ಟ್ಯಾಗ್ ಮಾಡಿ, ಚೆನ್ನಾಗಿ ಬರಲಿ." ನಮ್ಮ ಕಡೆ ಬಹಳಷ್ಟು ಬ್ರ್ಯಾಂಡ್‌ಗಳು ಈಗಲೂ ಇಷ್ಟೇ ಕಳಿಸುತ್ತವೆ. ಅವರ ಉತ್ತರ ಒಂದು ಹೆಬ್ಬೆಟ್ಟಿನ ಎಮೋಜಿ.

ರೀಲ್ ನೋಡಲು ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಉಣಕಲ್ ಕೆರೆ ದಂಡೆ, ಸಂಜೆ ಬೆಳಕು, ಕೆಂಪು ಸೆರಗು. ಆದರೆ ಮೊದಲ ಮಾತೇ "ಪ್ಯೂರ್ ಸಿಲ್ಕ್ ಇಳಕಲ್, ಬರೀ 3,800 ರೂಪಾಯಿಗೆ!"

ನಾವು ಕಳಿಸಿದ ಸೀರೆಯ ಮೈ ಹತ್ತಿಯದ್ದು. ಸೆರಗು, ದಡಿ ಮಾತ್ರ ರೇಷ್ಮೆ. ಇಳಕಲ್‌ನಲ್ಲಿ ಹತ್ತಿ ಮೈ, ರೇಷ್ಮೆ ಮೈ, ಆರ್ಟ್ ಸಿಲ್ಕ್ ಮೈ ಎಲ್ಲವೂ ಸಿಗುತ್ತವೆ, ಬೆಲೆಯೂ ಅದಕ್ಕೆ ತಕ್ಕಂತೆ. ಸೆರಗು ರೇಷ್ಮೆ ಇದ್ದ ಮಾತ್ರಕ್ಕೆ ಸೀರೆ ಪ್ಯೂರ್ ಸಿಲ್ಕ್ ಆಗುವುದಿಲ್ಲ. ರೀಲ್ ನೋಡಿ ತರಿಸಿಕೊಂಡವರು ಪ್ಯಾಕೆಟ್ ಬಿಚ್ಚಿ ಮೈ ಮುಟ್ಟಿದ ಕೂಡಲೇ ಮೆಸೇಜ್ ಹಾಕಿದರು. "ಸಿಲ್ಕ್ ಅಂದ್ರಿ, ಕಾಟನ್ ಕಳಿಸಿದ್ರಿ, ಇದು ಮೋಸ ಅಲ್ವಾ?" ಅಂತ. ಅವರ ಮಾತು ನ್ಯಾಯವೇ. ನಮ್ಮ ವೆಬ್‌ಸೈಟ್‌ನಲ್ಲಿ ಹತ್ತಿ ಅಂತ ಬರೆದಿತ್ತು, ಆದರೆ ರೀಲ್ ನೋಡಿ ಡಿಎಂನಲ್ಲೇ ಆರ್ಡರ್ ಮಾಡಿದವರು ಅದನ್ನು ಯಾಕೆ ಓದುತ್ತಾರೆ? ಸೀರೆ ವಾಪಸ್ ತಗೊಂಡು, ಕೊರಿಯರ್ ಖರ್ಚನ್ನೂ ನಾವೇ ಹಾಕಿಕೊಂಡೆವು. ನೇಕಾರರೊಬ್ಬರು ಅದೇ ರೀಲ್ ನೋಡಿ ಫೋನ್ ಮಾಡಿ, "ಅಕ್ಕಾರ, ನಾವು ನೂಲಿನ ಸೀರಿ ಕೊಟ್ಟೇವ್ರಿ, ರೇಷ್ಮಿ ಅಂತ ಯಾಕ ಹೇಳ್ಸೀರಿ?" ಅಂದರು. ಗಿರಾಕಿಗಳ ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು.

ಹಾಗಾಗಿ ಈಗ ನಮ್ಮ ಬ್ರೀಫ್‌ನ ಮೊದಲ ಹಾಳೆ ಪೂರ್ತಿ ಸೀರೆಯ ಬಗ್ಗೆಯೇ. ಎರಡು ಪಟ್ಟಿ ಇರುತ್ತೆ: ಹೇಳಬಹುದಾದ್ದು, ಹೇಳಬಾರದ್ದು. ಮೈ ಹತ್ತಿ, ಸೆರಗು ಮತ್ತು ದಡಿ ರೇಷ್ಮೆ, ಇದು ಹೇಳಲೇಬೇಕಾದ ಸಾಲು. "ಪ್ಯೂರ್ ಸಿಲ್ಕ್", "ಬಣ್ಣ ಹೋಗೋದೇ ಇಲ್ಲ", "ನೂರು ವರ್ಷ ಬಾಳಿಕೆ", ಇವು ಹೇಳಬಾರದ ಸಾಲುಗಳು. ಸ್ಕ್ರಿಪ್ಟ್ ಬರೆದುಕೊಡಬೇಡಿ, ಓದಿದ ಹಾಗೆ ಕೇಳಿಸುತ್ತೆ. ಬಟ್ಟೆಯ ಬಗ್ಗೆ ಹೇಳುವ ಮಾತು ಮಾತ್ರ ನಿಮ್ಮದಿರಲಿ, ಉಳಿದದ್ದು ಅವರ ಮಾತಿನಲ್ಲೇ ಬರಲಿ.

ಕೈಮಗ್ಗ ಅಂತ ಬಾಯಲ್ಲಿ ಹೇಳಿಸಿದರೂ ಸಾಲದು, ತೋರಿಸಬೇಕು. ಇಳಕಲ್‌ಗೆ ಅದು ಸುಲಭ. ಮೈಯ ಹಾಸಿನ ಎಳೆಯೇ ಬೇರೆ, ಸೆರಗಿನ ಹಾಸಿನ ಎಳೆಯೇ ಬೇರೆ. ಎರಡನ್ನೂ ಕುಣಿಕೆ ಹಾಕಿ ಸೇರಿಸುತ್ತಾರೆ. ಅದಕ್ಕೇ ಕೊಂಡಿ ಅನ್ನುವುದು. ಮೈ ಮುಗಿದು ಸೆರಗು ಶುರುವಾಗುವ ಕಡೆ ಸೀರೆ ತಿರುವಿ ಹಿಡಿದರೆ ಆ ಸೇರಿಕೆ ಕಣ್ಣಿಗೆ ಬೀಳುತ್ತೆ. ಈಗ ನಾವು "ಕೊಂಡಿಯನ್ನು ಹತ್ತಿರದಿಂದ ಮೂರು ಸೆಕೆಂಡ್ ತೋರಿಸಿ, ಆಮೇಲೆ ಟೋಪ ತೆನಿ ಸೆರಗು" ಅಂತ ಬರೆದು, ಸೀರೆಯ ಆ ಜಾಗಕ್ಕೆ ಒಂದು ಬಣ್ಣದ ದಾರ ಕಟ್ಟಿ ಕಳಿಸುತ್ತೇವೆ. ಇಲ್ಲದಿದ್ದರೆ ಸೆರಗು ಗಾಳಿಗೆ ಹಾರಿಸಿ ಮುಗಿಸುತ್ತಾರೆ. ಹಾರುವ ಸೆರಗಿನಲ್ಲಿ ಕೈಮಗ್ಗ ಯಾವುದು, ಪವರ್‌ಲೂಮ್ ಯಾವುದು ಅಂತ ಯಾರಿಗೆ ಗೊತ್ತಾಗಬೇಕು?

ಇನ್ನು ಜಾಹೀರಾತು ಅಂತ ತಿಳಿಸುವ ವಿಷಯ. ಇಲ್ಲೇ ಅಸಲಿ ಗಲಾಟೆ ಆಗಿದ್ದು.

ರೀಲ್‌ನಲ್ಲಿ ಎಲ್ಲೂ ಜಾಹೀರಾತು ಅಂತ ಇರಲಿಲ್ಲ. ಕೇಳಿದ್ದಕ್ಕೆ, "ಅಕ್ಕಾ, ಅದೆಲ್ಲಾ ಬ್ಯಾಡ್ರಿ, ರೀಚ್ ಬೀಳತೈತಿ" ಅಂದರು. ಒತ್ತಾಯ ಮಾಡಿದ ಮೇಲೆ ಕ್ಯಾಪ್ಶನ್ ಕೊನೆಯಲ್ಲಿ, ಹ್ಯಾಶ್‌ಟ್ಯಾಗ್‌ಗಳ ರಾಶಿಯ ಅಡಿಯಲ್ಲಿ #ad ಅಂತ ಸೇರಿಸಿದರು. "more" ಒತ್ತಿ ಕೆಳಗೆ ಹೋದವರಿಗೆ ಮಾತ್ರ ಕಾಣುವ ಹಾಗೆ. ಸ್ಟೋರಿಯಲ್ಲಂತೂ "ನಾನೇ ಹುಡುಕಿ ತಗೊಂಡ ಸೀರೆ" ಅಂತ ಹೇಳಿಬಿಟ್ಟಿದ್ದರು! ಸಿಲ್ಕ್ ವಿಷಯಕ್ಕೆ ಸಿಟ್ಟಾಗಿದ್ದ ಒಬ್ಬರು ಆ ಸ್ಟೋರಿಯ ಸ್ಕ್ರೀನ್‌ಶಾಟ್ ತೆಗೆದು, "ದುಡ್ಡು ಕೊಟ್ಟು ಸುಳ್ಳು ಹೇಳಿಸ್ತಾರೆ" ಅಂತ ನಮ್ಮನ್ನು ಟ್ಯಾಗ್ ಮಾಡಿದರು. ಬೈಸಿಕೊಂಡಿದ್ದು ಬ್ರ್ಯಾಂಡ್. ಇನ್‌ಫ್ಲುಯೆನ್ಸರ್ ಕಾಮೆಂಟ್ ಬಂದ್ ಮಾಡಿ ಸುಮ್ನಾದರು.

ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ಜಾಹೀರಾತು ಸಂಸ್ಥೆಗಳ ಸ್ವಯಂ ನಿಯಂತ್ರಣ ಮಂಡಳಿ ಆಸ್ಕಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿದೆ. ದುಡ್ಡಷ್ಟೇ ಅಲ್ಲ, ಪುಕ್ಕಟೆ ಸೀರೆ ಕೊಟ್ಟಿದ್ದರೂ ತಿಳಿಸಬೇಕು. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಮುಚ್ಚಿಟ್ಟರೆ ಅದು ತಿಳಿಸಿದ ಲೆಕ್ಕ ಅಲ್ಲ. ವಿಡಿಯೋ ಮೇಲೇ ಬರಬೇಕು. ಹದಿನೈದು ಸೆಕೆಂಡ್ ಒಳಗಿನ ವಿಡಿಯೋದಲ್ಲಿ ಕನಿಷ್ಠ ಮೂರು ಸೆಕೆಂಡ್. ಅದಕ್ಕಿಂತ ಉದ್ದ, ಎರಡು ನಿಮಿಷದ ಒಳಗಿನದಾದರೆ ವಿಡಿಯೋದ ಮೂರನೇ ಒಂದು ಭಾಗದಷ್ಟು ಹೊತ್ತು. ನಮ್ಮ ರೀಲ್ ನಲವತ್ತೈದು ಸೆಕೆಂಡ್ ಇತ್ತು, ಅಂದರೆ ಹದಿನೈದು ಸೆಕೆಂಡ್ ಕಾಣಬೇಕಿತ್ತು. ಕನ್ನಡ ರೀಲ್ ಆದರೆ "ಜಾಹೀರಾತು" ಅಂತ ಕನ್ನಡದಲ್ಲೇ ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿ. ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ಬ್ರ್ಯಾಂಡ್ ಮೇಲೂ ಬೀಳಬಹುದು, ಹೇಳಿದವರ ಮೇಲೂ ಬೀಳಬಹುದು. ಹತ್ತಿಯನ್ನು ಪ್ಯೂರ್ ಸಿಲ್ಕ್ ಅನ್ನುವುದು ದಾರಿ ತಪ್ಪಿಸುವುದಲ್ಲದೆ ಇನ್ನೇನು?

ರೀಚ್ ಬೀಳತೈತಿ ಅನ್ನುವ ಮಾತಿಗೆ ನಮ್ಮ ಈಗಿನ ಉತ್ತರ ಒಂದೇ: ಬಿದ್ದರೆ ಬೀಳಲಿ. ಇನ್‌ಸ್ಟಾಗ್ರಾಂನ "Paid partnership" ಲೇಬಲ್ ಹಾಕಿಯೇ ಪೋಸ್ಟ್ ಮಾಡಬೇಕು, ನಮ್ಮ ಪೇಜನ್ನು ಬ್ರ್ಯಾಂಡ್ ಪಾರ್ಟ್‌ನರ್ ಅಂತ ಸೇರಿಸಬೇಕು, ಜೊತೆಗೆ ವಿಡಿಯೋ ಮೇಲೆ "ಜಾಹೀರಾತು" ಅಂತ ಕಾಣಬೇಕು. ಈ ಲೇಬಲ್‌ನಿಂದ ನಮಗೊಂದು ಲಾಭವೂ ಇದೆ. ರೀಲ್ ಎಷ್ಟು ಜನಕ್ಕೆ ಮುಟ್ಟಿತು ಅನ್ನುವ ಲೆಕ್ಕ ನಮಗೇ ಕಾಣುತ್ತೆ. ಆ ಸಲ ಲೇಬಲ್ ಇರಲಿಲ್ಲ, ಹಾಗಾಗಿ ಅವರು ಕಳಿಸಿದ ಸ್ಕ್ರೀನ್‌ಶಾಟೇ ಗತಿ. ಅದರಲ್ಲಿ ವ್ಯೂ ಸಂಖ್ಯೆ ಇತ್ತು, ನೋಡಿದವರು ಯಾವ ಊರಿನವರು ಅನ್ನುವ ಭಾಗ ಕತ್ತರಿಸಿತ್ತು.

ದುಡ್ಡಿನ ಕಡೆ ಬರೋಣ. ರೀಲ್ ಹಾಕಿದ ದಿನ ಇನ್ನರ್ಧ ಅಂತ ಮಾತಾಗಿತ್ತಲ್ಲ, ಆ ದಿನ ಬೆಳಗ್ಗೆಯೇ ಯುಪಿಐ ಸ್ಕ್ಯಾನರ್ ಬಂತು. ದುಡ್ಡು ಹೋಯಿತು. ಸಿಲ್ಕ್ ಮಾತು ತಿದ್ದಿ ಮತ್ತೆ ಹಾಕಿ ಅಂದರೆ, "ರೀ-ಶೂಟ್‌ಗೆ ಬೇರೆ ಚಾರ್ಜ್ ಆಗತೈತ್ರಿ" ಅಂತ ಬಂತು. ಮೂರು ಸ್ಟೋರಿಯಲ್ಲಿ ಬಂದದ್ದು ಒಂದೇ, ಅದೇ "ನಾನೇ ಹುಡುಕಿ ತಗೊಂಡ" ಸ್ಟೋರಿ. ತಿಂಗಳು ತುಂಬುವ ಮೊದಲೇ ರೀಲನ್ನು ಆರ್ಕೈವ್ ಮಾಡಿದರು. ಕಾರಣ ಆಮೇಲೆ ಗೊತ್ತಾಯಿತು. ಅವರದೇ ಪೇಜ್‌ನಲ್ಲಿ ಪವರ್‌ಲೂಮ್ ಸೀರೆಯ ಅಂಗಡಿಯೊಂದರ ರೀಲ್ ಬಂತು, "ಸೇಮ್ ಇಳಕಲ್, 900 ರೂಪಾಯಿ" ಅಂತ. ಪೂರ್ತಿ ದುಡ್ಡು ಕೈಗೆ ಸಿಕ್ಕ ಮೇಲೆ ನಮ್ಮ ಫೋನ್ ಎತ್ತಬೇಕಾದ ದರ್ದು ಅವರಿಗೇನಿತ್ತು?

ಈಗ ಮೂರು ಕಂತು ಮಾಡಿದ್ದೇವೆ. ಬ್ರೀಫ್‌ಗೆ ಇಮೇಲ್‌ನಲ್ಲಿ "ಒಪ್ಪಿದ್ದೇನೆ" ಅಂತ ಉತ್ತರ ಬಂದ ಮೇಲೆ ನೂರಕ್ಕೆ ಮೂವತ್ತು. ಡ್ರಾಫ್ಟ್ ವಿಡಿಯೋ ನಾವು ನೋಡಿ ಒಪ್ಪಿ, ಅದು ಲೇಬಲ್ ಸಮೇತ ಪೋಸ್ಟ್ ಆದ ಮೇಲೆ ನಲವತ್ತು. ರೀಲ್ ಮೂವತ್ತು ದಿನ ಪೇಜ್‌ನಲ್ಲಿ ಇದ್ದು, ಸ್ಟೋರಿ ಎಲ್ಲಾ ಬಂದು, ಸೀರೆ ವಾಪಸ್ ಬಂದ ಮೇಲೆ ಉಳಿದ ಮೂವತ್ತು. ಬಟ್ಟೆಯ ಬಗ್ಗೆ ತಪ್ಪು ಹೇಳಿದ್ದರೆ ತಿದ್ದಿಕೊಡುವುದಕ್ಕೆ ಚಾರ್ಜ್ ಇಲ್ಲ. ನಮಗೇ ಮನಸ್ಸು ಬದಲಾಗಿ ಬೇರೆ ಥರ ಬೇಕು ಅಂದರೆ, ಒಂದು ಸಲ ಪುಕ್ಕಟೆ, ಆಮೇಲೆ ದುಡ್ಡು. ಅವರ ಕಡೆಯ ನ್ಯಾಯವನ್ನೂ ನೋಡಬೇಕಲ್ವಾ? ಡ್ರಾಫ್ಟ್ ಬಂದ ಎರಡು ದಿನದಲ್ಲಿ ನಾವು ಉತ್ತರ ಕೊಡದಿದ್ದರೆ ಪೋಸ್ಟ್ ದಿನವೂ ಅಷ್ಟೇ ಮುಂದೆ ಹೋಗುತ್ತೆ ಅಂತಲೂ ಬರೆದಿದ್ದೇವೆ. ಆ ಮೂವತ್ತು ದಿನ ಬೇರೆ ಇಳಕಲ್ ಸೀರೆಯ ಜಾಹೀರಾತು ಮಾಡುವಂತಿಲ್ಲ. ಬೇರೆ ಸೀರೆ, ಒಡವೆ, ಬ್ಲೌಸ್ ಏನು ಬೇಕಾದರೂ ಮಾಡಲಿ. ಎಲ್ಲದಕ್ಕೂ ತಡೆ ಹಾಕಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಿದರೂ ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಅವರ ವಿಡಿಯೋವನ್ನು ನಾವು ದುಡ್ಡು ಹಾಕಿ ಓಡಿಸುವುದಿದ್ದರೆ, ಎಷ್ಟು ತಿಂಗಳು, ಅದಕ್ಕೆಷ್ಟು ಅನ್ನುವುದೂ ಅದೇ ಇಮೇಲ್‌ನಲ್ಲಿ ಇರಲಿ.

ಸೀರೆಯ ಕತೆ ಬೇರೆ. ಮೂರರಲ್ಲಿ ಎರಡು ವಾಪಸ್ ಬಂದವು. ಒಂದಕ್ಕೆ ಕೇಳದೆ ಫಾಲ್ ಹೊಲಿಸಿದ್ದರು. ಇನ್ನೊಂದರ ಸೆರಗಿಗೆ ಹೆಗಲ ಹತ್ತಿರ ಪಿನ್ ಎಳೆದು ರೇಷ್ಮೆ ಎಳೆ ಕಿತ್ತಿತ್ತು, ಅಂಚಿಗೆ ಫೌಂಡೇಶನ್ ಮೆತ್ತಿಕೊಂಡಿತ್ತು. ಹೊಸದು ಅಂತ ಮಾರುವ ಹಾಗಿಲ್ಲ. ಮೂರನೆಯದು ಗಿಫ್ಟ್ ಅಂದುಕೊಂಡೆ ಅಂದರು. ಈಗ ಪ್ರತಿ ಸೀರೆಯ ಬೆಲೆ ಬರೆದು, ಯಾವುದು ಅವರಿಗೇ, ಯಾವುದು ವಾಪಸ್ ಅಂತ ಹೆಸರಿಸಿ, ಕಳಿಸುವ ಮೊದಲು ಸೆರಗು, ದಡಿ, ಮೈ ಫೋಟೋ ತೆಗೆದು ಹಾಕುತ್ತೇವೆ. ಸೆರಗಿಗೆ ಪಿನ್ ಬೇಡ, ಫಾಲ್ ಬೇಡ. ಹಾಳಾದರೆ ಸೀರೆಯ ಬೆಲೆ ಕೊನೆಯ ಕಂತಿನಲ್ಲಿ ಕಡಿತ. ಉಡುಗೊರೆಯಾಗಿ ಕೊಡುವ ಸೀರೆಗಳ ಬೆಲೆ ವರ್ಷಕ್ಕೆ 20,000 ದಾಟಿದರೆ ಟಿಡಿಎಸ್ ವಿಷಯ ಬರುತ್ತೆ, ವಹಿವಾಟು ಸಣ್ಣದಾದ ಒಬ್ಬರೇ ನಡೆಸುವ ಅಂಗಡಿಗೆ ವಿನಾಯಿತಿಯೂ ಇದೆ. ನಿಮ್ಮದು ಯಾವ ಕಡೆ ಅಂತ ಆಡಿಟರ್ ಹತ್ತಿರ ಮೊದಲೇ ಕೇಳಿ, ಫೀಸಿನಲ್ಲಿ ಟಿಡಿಎಸ್ ಕಡಿತ ಇದ್ದರೆ ರೇಟ್ ಮಾತಾಡುವಾಗಲೇ ಹೇಳಿಬಿಡಿ.

ಈ ಬ್ರೀಫ್ ಕಳಿಸಿದ ಮೇಲೆ ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೆಲ್ಲಾ ರೂಲ್ಸಾ?" ಅಂದರು. ಗದಗ ಕಡೆಯ ಒಬ್ಬ ಹುಡುಗಿ, ಫಾಲೋವರ್ಸ್ ಕಡಿಮೆಯೇ, ಓದಿ ಎರಡು ಪ್ರಶ್ನೆ ಕೇಳಿದಳು. ಕೊಂಡಿ ಅಂದರೆ ಏನು ಅಂತ ಒಂದು. "ಜಾಹೀರಾತು" ಅನ್ನುವುದನ್ನು ಮೇಲೆ ಹಾಕಲಾ, ಕೆಳಗೆ ಹಾಕಲಾ ಅಂತ ಇನ್ನೊಂದು. ಮೇಲೆ ಹಾಕು ಅಂದೆವು. ಕೆಳಗಿನ ಭಾಗವನ್ನು ಕ್ಯಾಪ್ಶನ್ ಮುಚ್ಚುತ್ತೆ.